ಲೆಕ್ಕದಕ್ಕನ ಹೆಸರು

ನಮ್ಮ ವೈದ್ಯಕೀಯ ಕಾಲೇಜಿನಲ್ಲಿ ಅವಳನ್ನು ಎಲ್ಲರೂ ಲೆಕ್ಕದಕ್ಕ ಎಂದೇ ಕರೆಯುತ್ತಿದ್ದರು. ಸಂಖ್ಯಾಶಾಸ್ತ್ರ ಓದಿದವಳು. ಡಾಕ್ಟರುಗಳು ತಲೆಬುಡವಿಲ್ಲದ ಅಂಕಿಗಳನ್ನು ತಂದು ಅವಳ ಮೇಜಿನ ಮೇಲೆ ಸುರಿದರೆ, ಸೋಸಿ, ಲೆಕ್ಕ ಹಾಕಿ, ಅದರಿಂದ ಏನು ಹೇಳಬಹುದು, ಏನು ಹೇಳಬಾರದು ಎಂದು ತಿಳಿಸುವುದು ಅವಳ ಕೆಲಸ. ತಿಳಿಸುವುದೇನು ಬಂತು, ಎಷ್ಟೋ ಸಲ ಇಡೀ ಸಂಶೋಧನಾ ಪೇಪರನ್ನೇ ಬರೆದುಕೊಡುತ್ತಿದ್ದಳು. ಅಚ್ಚಾದಾಗ ಮೇಲೆ ಅವರ ಹೆಸರುಗಳು, ಕೊನೆಯಲ್ಲಿ ಇರುವೆಯಂಥ ಅಕ್ಷರದಲ್ಲಿ ಇವಳಿಗೊಂದು ಥ್ಯಾಂಕ್ಸ್. ಕೆಲವೊಮ್ಮೆ ಅದೂ ಇಲ್ಲ. ನಾನು ಅಲ್ಲಿಯ ಲೈಬ್ರರಿಯನ್. ನನ್ನ ಕೋಣೆಯ ಮೂಲೆಯಲ್ಲೇ ಅವಳ ಮೇಜಿದ್ದುದರಿಂದ ಇದೆಲ್ಲ ಯಾರೋ ಹೇಳಿದ್ದಲ್ಲ, ಕಣ್ಣಾರೆ ಕಂಡದ್ದು.

"ಹೆಸರು ಹಾಕಿ ಅಂತ ಕೇಳೇ, ಬಾಯಲ್ಲೇನು ಕಡುಬು ಇಟ್ಕೊಂಡಿದ್ದೀಯಾ?" ಎಂದು ನಾನು ರೇಗುತ್ತಿದ್ದೆ.

"ಬಿಡೇ, ಲೆಕ್ಕ ಸರಿಯಾಗಿ ಬಂತಲ್ಲ" ಎಂದು ನಗುತ್ತಿದ್ದಳು. ಆ ನಗು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಗಂಡ ತೀರಿಕೊಂಡ ಮೇಲೆ ಮಗಳನ್ನು ಒಬ್ಬಳೇ ಓದಿಸುತ್ತಿದ್ದಳು. ಕೆಲಸವೋ ವರ್ಷವರ್ಷದ ಗುತ್ತಿಗೆ. ಕೊನೆಗೊಮ್ಮೆ ಕಾಯಂ ಹುದ್ದೆಗೆ ಅರ್ಜಿ ಕರೆದರು. ಆದರೆ ಸ್ವಂತ ಹೆಸರಿನಲ್ಲಿ ಪೇಪರ್ ಇರಲೇಬೇಕು. ಇಷ್ಟು ವರ್ಷ ಬರೆದವಳ ಹೆಸರಿನಲ್ಲಿ ಒಂದೂ ಇರಲಿಲ್ಲ.

ಆಗಷ್ಟೇ ತೂಕ ಕಡಿಮೆಯಿದ್ದ ಹಸುಗೂಸುಗಳ ಅಧ್ಯಯನ ಮುಗಿದಿತ್ತು. ಎಷ್ಟು ಮಕ್ಕಳನ್ನು ಸೇರಿಸಬೇಕು, ಯಾವಾಗ ತೂಗಬೇಕು ಎಂದು ಗೊತ್ತುಮಾಡಿದ್ದು ಇವಳು. ಲೆಕ್ಕ ಹಾಕಿದ್ದೂ ಬರೆದದ್ದೂ ಇವಳೇ. ಜೀವಮಾನದಲ್ಲಿ ಮೊದಲ ಸಲ ಧೈರ್ಯ ಮಾಡಿ ವಿಭಾಗದ ಮುಖ್ಯಸ್ಥರನ್ನು ಕೇಳಿದಳು.

"ನೋಡಮ್ಮ, ಈ ಸಲ ಹೆಸರು ಜಾಸ್ತಿ ಆಗಿಬಿಟ್ಟಿದೆ" ಎಂದರು. ಯಾರದಪ್ಪಾ ಹೆಸರು ಎಂದರೆ, ಒಂದು ಅವರದ್ದೇ, ಇನ್ನೊಂದು ಅನುದಾನ ಕೊಡಿಸುವ ಅವರ ಗೆಳೆಯನದು, ಮತ್ತೊಂದು ವಿದೇಶದಲ್ಲಿ ಓದಲು ಹೊರಟ ಅವರ ಮಗಳದು. ಆ ಹುಡುಗಿ ತಕ್ಕಡಿಯನ್ನಾಗಲಿ ಕೂಸನ್ನಾಗಲಿ ಮುಟ್ಟಿದವಳಲ್ಲ. ಇವಳ ಮುಖ ಬಾಡಿದ್ದು ಕಂಡು ಮೂಗಿಗೆ ತುಪ್ಪ ಸವರಿದರು: "ನಮ್ಮ ಸರ್ಜನ್ ಅವರ ನೋವಿನ ಮಾತ್ರೆ ಪೇಪರ್ ಇದೆಯಲ್ಲ, ಅದಕ್ಕೆ ನಿನ್ನ ಹೆಸರು ಸೇರಿಸ್ತೀನಿ. ಸುಮ್ನೆ ಒಪ್ಪಿಗೆ ಕೊಟ್ಟುಬಿಡು."

ಆ ಪೇಪರನ್ನು ಅವಳು ನೋಡಿಯೇ ಇರಲಿಲ್ಲ. ಅಂಕಿಅಂಶ ಕಳಿಸಿ ಎಂದು ಸರ್ಜನ್‌ಗೆ ಎರಡು ಸಲ ಕೇಳಿದಳು. ಇವತ್ತು ಕಳಿಸ್ತೀನಿ, ನಾಳೆ ಕಳಿಸ್ತೀನಿ ಎಂದವನು ಕಳಿಸಲೇ ಇಲ್ಲ. ಅರ್ಜಿಯ ಕಡೆಯ ದಿನ ಆ ಪೇಪರ್ ಅಚ್ಚುಮಾಡಲಿದ್ದ ವೈದ್ಯಕೀಯ ಪತ್ರಿಕೆಯಿಂದ ಬಂದ ಮೇಲ್ ತೆರೆದು ಕೂತಳು. ಲೆಕ್ಕಾಚಾರ ನೋಡಿದ್ದು ನೀವೇನಾ, ಈ ಪೇಪರಿಗೆ ನೀವು ಹೊಣೆಯೇ ಎಂದು ಕೇಳಿತ್ತು.

"ಬೇಡ ಕಣೇ" ಎಂದೆ.

"ಮಗಳ ಫೀಸು ನೀನು ಕಟ್ತೀಯಾ?" ಎಂದಳು. ಯಾವತ್ತೂ ಹಾಗೆ ಮಾತಾಡಿದವಳಲ್ಲ. ಹೌದು ಎಂದು ಒತ್ತಿದಳು.

ಹುದ್ದೆ ಸಿಕ್ಕಿತು. ವರ್ಷ ತುಂಬುವುದರೊಳಗೆ ದೂರದ ಓದುಗನೊಬ್ಬ ಪತ್ರಿಕೆಗೆ ಬರೆದ. ಇಪ್ಪತ್ತೇ ರೋಗಿಗಳು, ನೋವಿಗೆ ಸೊನ್ನೆಯಿಂದ ಹತ್ತರವರೆಗೆ ದಶಾಂಶವಿಲ್ಲದ ಪೂರ್ಣಾಂಕ, ಸರಾಸರಿ ಮಾತ್ರ ೪.೩೭. ಇಪ್ಪತ್ತರಿಂದ ಭಾಗಿಸಿದರೆ ೪.೩೫ ಬರಬಹುದು, ೪.೪೦ ಬರಬಹುದು, ೪.೩೭ ಬರಲು ಸಾಧ್ಯವೇ ಇಲ್ಲ. ಕೆದಕಿದರೆ ಅರ್ಧ ರೋಗಿಗಳೇ ಸುಳ್ಳು. ಅಯ್ಯೋ, ಆ ಒಂದು ಪಟ್ಟಿಯನ್ನು ಇವಳ ಮುಂದೆ ಇಟ್ಟಿದ್ದರೆ ಕಾಫಿ ಆರುವುದರೊಳಗೆ ಹಿಡಿದುಹಾಕುತ್ತಿದ್ದಳು!

ವಿಚಾರಣಾ ಸಮಿತಿ ಕೂಡಿತು. ಕಾಗದಪತ್ರ ತೋರಿಸಲು ನನ್ನನ್ನೂ ಕರೆದಿದ್ದರು. "ಲೆಕ್ಕ ಎಲ್ಲಾ ಮೇಡಂದೇ" ಎಂದು ಸರ್ಜನ್ ಕೈ ತೊಳೆದುಕೊಂಡ.

"ನಾನು ಮಾಡಿಲ್ಲ. ನೋಡದೇ ಒಪ್ಪಿಗೆ ಕೊಟ್ಟೆ. ಅದು ತಪ್ಪು" ಎಂದಳು. ಆಮೇಲೆ ಮುಖ್ಯಸ್ಥರ ಕಡೆ ತಿರುಗಿ, "ಹಸುಗೂಸುಗಳ ಪೇಪರ್ ನಾನು ಬರೆದದ್ದು ಅಂತ ಇವರಿಗಾದ್ರೂ ಹೇಳಿ ಸರ್. ನನ್ನ ಕೆಲಸ ಎಂಥದು ಅಂತ ಗೊತ್ತಾಗ್ಲಿ" ಎಂದಳು.

"ಅದರಲ್ಲಿ ನಿನ್ನ ಹೆಸರೇ ಇಲ್ವಲ್ಲಮ್ಮ" ಎಂದರು ಆ ಮನುಷ್ಯ, ಕಣ್ಣು ಕೂಡ ಮಿಟುಕಿಸದೆ.

ನಾನು ಎದ್ದು ನಿಂತೆ. "ಬರೆದದ್ದು ಇವಳೇ, ನಾನು ನೋಡಿದ್ದೀನಿ!"

"ನೀವು ಪುಸ್ತಕ ನೋಡ್ಕೊಳ್ಳಿ" ಎಂದರು.

ಸರ್ಜನ್‌ಗೆ ಎಚ್ಚರಿಕೆ ಕೊಟ್ಟು ಬಿಟ್ಟರು. ಇವಳ ಪರೀಕ್ಷಾವಧಿ ಇನ್ನೂ ಮುಗಿದಿರಲಿಲ್ಲ, ಹುದ್ದೆ ಹೋಯಿತು. ಸಾಮಾನು ಒಯ್ಯಲು ಮಗಳು ಬಂದಳು. ಅಮ್ಮ ಡಬ್ಬಿಗೆ ತುಂಬುತ್ತಿದ್ದಾಗ ಅವಳು ನನ್ನ ಕಂಪ್ಯೂಟರಿನಲ್ಲಿ ಅಮ್ಮನ ಹೆಸರು ಹುಡುಕಿದಳು. ಒಂದೇ ಪೇಪರ್ ಬಂತು. ಪ್ರತಿ ಪುಟದ ಮೇಲೂ ಅಡ್ಡಲಾಗಿ, ಕೆಂಪಕ್ಷರದಲ್ಲಿ, ಹಿಂತೆಗೆದುಕೊಳ್ಳಲಾಗಿದೆ ಎಂದು ಮುದ್ರೆ ಹೊಡೆದಿತ್ತು.

"ಇದನ್ನ ನೀನು ಬರೆದಿಲ್ಲ ಅಲ್ವಾಮ್ಮ?"

"ಇಲ್ಲ ಪುಟ್ಟಿ."

"ಹಾಗಾದ್ರೆ ನೀನು ಬರೆದದ್ದು ತೋರಿಸು."

ಲೆಕ್ಕದಕ್ಕ ಬಂದು ಹಸುಗೂಸುಗಳ ಪೇಪರ್ ತೆರೆದಳು. ಮಗಳು ಮೇಲಿನಿಂದ ಒಂದೊಂದೇ ಹೆಸರು ಓದುತ್ತ ಹೋದಳು. ಮುಗಿದ ಮೇಲೆ ಇನ್ನೊಂದು ಸಲ ಮೊದಲಿನಿಂದ ಓದಿದಳು.