ಕೊಕ್ಕರೆಯ ಕಥೆಯಿಂದ ಹೊರಬರುವ ದಾರಿ

ಶಾಲೆಯ ಅಸೆಂಬ್ಲಿಯಲ್ಲಿ ನಿಮ್ಮ ಕಡೆಯ ಒಂದು ಕಥೆ ಹೇಳಿ, ಅದರ ನೀತಿಯನ್ನೂ ಹೇಳಿ, ಐದು ನಿಮಿಷ ಸಾಕು ಎಂದು ಮಗಳ ಟೀಚರ್ ಕೇಳಿದಾಗ ಹೂಂ ಅಂದುಬಿಟ್ಟೆ. ಆಫೀಸಿನ ಸಣ್ಣ ಮೀಟಿಂಗಿನಲ್ಲೇ ಮಾತಾಡಲು ಹಿಂಜರಿಯುವವಳು ನಾನು. ಬ್ರಿಸ್ಬೇನ್‌ಗೆ ಬಂದಮೇಲೆ ನನ್ನ ಇಂಗ್ಲಿಷ್ ಬಗ್ಗೆ ಇನ್ನಷ್ಟು ಅಂಜಿಕೆ.

ಅಸೆಂಬ್ಲಿಯ ದಿನ ಬೆಳಿಗ್ಗೆ ಕಾರಿನಲ್ಲಿ ಫಾರೆಸ್ಟ್ ಲೇಕ್ ಬಡಾವಣೆ ದಾಟುವಾಗ ಮಗಳು, "ಅಮ್ಮ, ಪ್ಲೀಸ್, ಡೋಂಟ್ ಎಂಬ್ಯಾರಸ್ ಮಿ" ಅಂದಳು.

ನಾನು ಆರಿಸಿಕೊಂಡದ್ದು ಪ್ರಾಣಿಗಳ ಹಳೆಯ ಕಥಾಸಂಗ್ರಹ. ಓದು ಹತ್ತದ ರಾಜಕುಮಾರರಿಗೆ ಮುದಿ ಗುರು ಕಥೆ ಹೇಳುತ್ತಾನೆ. ಆ ಕಥೆಯ ಪ್ರಾಣಿಗಳು ತಮ್ಮೊಳಗೆ ಮತ್ತೆ ಕಥೆ ಹೇಳಿಕೊಳ್ಳುತ್ತವೆ. ಮೈಕ್ ಹಿಡಿದು ಇಂಗ್ಲಿಷಿನಲ್ಲೇ ಶುರುಮಾಡಿದೆ. ಸಿಂಹಕ್ಕೂ ಎತ್ತಿಗೂ ಗೆಳೆತನ. ಅದನ್ನು ಮುರಿಯಬೇಕೆಂದ ನರಿಯೊಂದು, ಬಲಕ್ಕಿಂತ ಉಪಾಯ ದೊಡ್ಡದು ಎಂದು ಇನ್ನೊಂದು ನರಿಗೆ ಕಾಗೆಯ ಕಥೆ ಹೇಳುತ್ತದೆ. ಕಾಗೆಯ ಮರಿಗಳನ್ನು ಅದೇ ಮರದ ಪೊಟರೆಯ ಹಾವು ತಿನ್ನುತ್ತಿತ್ತು. ಕಾಗೆ ತನ್ನ ಗೆಳೆಯನಾದ ಮತ್ತೊಂದು ನರಿಯ ಬಳಿ ಅತ್ತಾಗ, ಅದು ಕೊಕ್ಕರೆಯ ಕಥೆ ತೆಗೆಯುತ್ತದೆ. ಕೆರೆ ಬತ್ತುತ್ತದೆಂದು ಮುದಿ ಕೊಕ್ಕರೆ ಮೀನುಗಳನ್ನು ಹೆದರಿಸಿ, ಬೇರೆ ಕೆರೆಗೆ ಒಯ್ಯುವೆನೆಂದು ಹೊತ್ತೊಯ್ದು, ಬಂಡೆಯ ಮೇಲೆ ತಿನ್ನುತ್ತದೆ. ಕೊನೆಗೆ ಅದು ಹೊತ್ತೊಯ್ದ ಏಡಿ, ಮೀನಿನ ಮುಳ್ಳುಗಳ ರಾಶಿ ಕಂಡು, ಕೊಕ್ಕರೆಯ ಕತ್ತನ್ನೇ ಕತ್ತರಿಸುತ್ತದೆ.

ಅಲ್ಲಿಗೆ ನಿಂತುಬಿಟ್ಟೆ. ಈ ಕಥೆಯನ್ನು ಯಾರು ಯಾರಿಗೆ ಹೇಳುತ್ತಿದ್ದರು? ತಲೆ ಪೂರ್ತಿ ಖಾಲಿ. ನೆಲದ ಮೇಲೆ ಕೂತ ಮಕ್ಕಳು ನನ್ನನ್ನೇ ನೋಡುತ್ತಿದ್ದರು. ಮೋಸ ಮಾಡಬಾರದು ಎಂದು ಹೇಳಿ ಓಡಿಹೋಗೋಣವೆನಿಸಿತು.

"ಅಮ್ಮ, ವಾಟ್ ಅಬೌಟ್ ದ ಕಾಗೆ?"

ಮಗಳು ಎದ್ದು ನಿಂತಿದ್ದಳು. ಮುಖ ಕೆಂಪಾಗಿತ್ತು.

ಕಾಗೆ! ಉಸಿರು ಬಂತು. ಗೆಳೆಯ ನರಿ ಹೇಳಿಕೊಟ್ಟ ಉಪಾಯದಂತೆ ಕಾಗೆ ರಾಣಿಯ ಚಿನ್ನದ ಸರ ಕದ್ದು ಪೊಟರೆಗೆ ಹಾಕಿತು. ಹಿಂದೆಯೇ ಓಡಿಬಂದ ಭಟರು ಹಾವನ್ನು ಹೊಡೆದು ಕೊಂದರು. ಮಕ್ಕಳು ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಮುಂದಿನ ಸಾಲಿನ ಹುಡುಗಿಯೊಬ್ಬಳು, "ಹಾಗಾದ್ರೆ ಈ ಕಥೆ ಹೇಳಿದ ನರಿ ಒಳ್ಳೇದಾ?" ಎಂದು ಕೇಳಿದಳು.

ಮತ್ತೆ ಹೆದರಿದೆ. ಪ್ರಿನ್ಸಿಪಾಲರ ಕಡೆ ನೋಡಿದೆ. ಸುಳ್ಳು ಹೇಳಲಾಗಲಿಲ್ಲ.

"ಇಲ್ಲ. ಕಾಗೆಗೆ ಸಹಾಯ ಮಾಡಿದ ನರಿ ಒಳ್ಳೇದು. ಆದ್ರೆ ಈ ಕಾಗೆ ಕಥೆ ಹೇಳಿದ ಮೊದಲನೇ ನರಿ, ಸಿಂಹಕ್ಕೂ ಎತ್ತಿಗೂ ಚಾಡಿ ಹೇಳಿ ಜಗಳ ತಂದಿಡತ್ತೆ. ಸಿಂಹ ಎತ್ತನ್ನ ಕೊಂದುಬಿಡತ್ತೆ. ಇಂಥವರನ್ನ ಗುರುತು ಹಿಡಿಯೋದು ಕಲೀಲಿ ಅಂತಾನೇ ಗುರು ರಾಜಕುಮಾರರಿಗೆ ಇದನ್ನೆಲ್ಲ ಹೇಳಿದ್ದು. ಕಥೆ ಎಷ್ಟೇ ಚೆನ್ನಾಗಿರಲಿ, ಯಾರು ಹೇಳ್ತಿದಾರೆ, ಯಾಕೆ ಹೇಳ್ತಿದಾರೆ ಅಂತ ನೋಡಿ."

ಪುಟ್ಟ ಮಗುವೊಂದು ಎತ್ತಿಗಾಗಿ ಅಳತೊಡಗಿತು. ನನ್ನ ಕೆಲಸ ಕೆಟ್ಟಿತು ಎಂದುಕೊಂಡೆ. ಪ್ರಿನ್ಸಿಪಾಲರು ಬಂದು ಮೈಕ್ ತೆಗೆದುಕೊಂಡು, "ಕಥೆ ಯಾರು ಹೇಳ್ತಿದಾರೆ, ಯಾಕೆ? ಅದೇ ಪ್ರಶ್ನೆ ಈ ವಾರ ಎಲ್ಲ ಕ್ಲಾಸಿನಲ್ಲೂ ಕೇಳೋಣ" ಎಂದರು.

ಸಂಜೆ ಕಾರಿನಲ್ಲಿ ಮಗಳು ಕೇಳಿದಳು, "ಆ ನರಿಗೆ ಪನಿಷ್‌ಮೆಂಟ್?"

"ಇಲ್ಲ ಪುಟ್ಟಾ. ಸಿಂಹದ ಮಂತ್ರಿ ಆಗತ್ತೆ."

"ದಟ್ಸ್ ಸ್ಕೇರಿ, ಅಮ್ಮ," ಎಂದವಳು ಗೇರ್ ಮೇಲಿದ್ದ ನನ್ನ ಕೈ ಹಿಡಿದುಕೊಂಡಳು.