ನಲವತ್ತೆಂಟು ಪಟಗಳ ಬೋಲ್ಟ್

ಶಿಡ್ಲಘಟ್ಟದಲ್ಲಿ ಕನಕರಾಜನ ಸ್ಟುಡಿಯೋ ಗೊತ್ತಿಲ್ಲದವರು ಕಡಿಮೆ. ಅಂಬಾಜಿದುರ್ಗ ಬೆಟ್ಟದ ಬುಡದ ಹಳ್ಳಿಯಿಂದ ಬಂದು, ಮೊದಲು ಒಬ್ಬರ ಡಾರ್ಕ್‌ರೂಮಿನಲ್ಲಿ ಆರು ವರ್ಷ ಕೈ ಪಳಗಿಸಿಕೊಂಡು, ಆಮೇಲೆ ತನ್ನದೇ ಬೋರ್ಡು ಹಾಕಿಕೊಂಡವನು. ಮದುವೆ, ನಾಮಕರಣ, ಪಾಸ್‌ಪೋರ್ಟ್ ಅಳತೆಯ ಫೋಟೋ, ಇವು ಅವನ ಹೊಟ್ಟೆಪಾಡು. ಅವನ ಹುಚ್ಚು ಮಾತ್ರ ಬೇರೆ. ಇರುವೆ, ನೊಣ, ಹಿಪ್ಪುನೇರಳೆ ಎಲೆಯ ಮೇಲಿನ ಹುಳು ಇಂಥವನ್ನು ಹತ್ತಿರದಿಂದ ತೆಗೆಯೋದು.

ಹತ್ತಿರದಿಂದ ತೆಗೆದರೆ ಒಂದು ತೊಂದರೆಯಿದೆ. ಇರುವೆಯ ಕಣ್ಣು ಸ್ಪಷ್ಟವಾದರೆ ಕಾಲು ಮಂಜಾಗುತ್ತದೆ, ಕಾಲು ಸರಿಯಾದರೆ ಬೆನ್ನು ಮಂಜು. ಲೆನ್ಸಿನ ಕಂಡಿ ತೀರಾ ಕಿರಿದು ಮಾಡಿದರೆ ಆಳವೇನೋ ಸಿಗುತ್ತದೆ, ಆದರೆ ಇಡೀ ಚಿತ್ರವೇ ಮಬ್ಬಾಗುತ್ತದೆ. ಅದಕ್ಕೆ ಕನಕರಾಜ ಎರಡು ಸಾವಿರದ ಏಳರಲ್ಲಿ ಇಂಟರ್ನೆಟ್ಟಿನಲ್ಲಿ ಓದಿ ಒಂದು ದಾರಿ ಕಲಿತಿದ್ದ. ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಫೋಕಸ್ ಸರಿಸುತ್ತ ಒಂದೇ ವಸ್ತುವಿನ ಹತ್ತಾರು ಫೋಟೋ ತೆಗೆಯೋದು. ಪ್ರತಿಯೊಂದರಲ್ಲೂ ಒಂದು ತೆಳು ಪಟ್ಟಿ ಮಾತ್ರ ಚೊಕ್ಕವಾಗಿರುತ್ತದೆ. ಕಂಪ್ಯೂಟರಿನ ತಂತ್ರಾಂಶ ಆ ಪಟ್ಟಿಗಳನ್ನೆಲ್ಲ ಆರಿಸಿ ಒಂದೇ ಚಿತ್ರವಾಗಿ ಕೂಡಿಸುತ್ತದೆ. ಯಾವುದೋ ಕಾಲೇಜು ಗುಜರಿಗೆ ಹಾಕಿದ್ದ ಮೈಕ್ರೋಸ್ಕೋಪಿನ ಸ್ಟ್ಯಾಂಡು ತಂದು, ಅದರ ತಟ್ಟೆಯ ಮೇಲೆ ವಸ್ತು ಇಟ್ಟು, ಮೇಲೆ ಕ್ಯಾಮೆರಾಗೆ ಹಳೇ ಲೆನ್ಸನ್ನು ತಲೆಕೆಳಗಾಗಿ ಸಿಕ್ಕಿಸಿದ್ದ. ಸಣ್ಣ ತಿರುಗಣೆ ಮುಕ್ಕಾಲು ಸುತ್ತು ತಿರುಗಿಸೋದು, ಕೈ ತೆಗೆಯೋದು, ಅದುರೋದು ನಿಲ್ಲೋವರೆಗೆ ಕಾಯೋದು, ಒಂದು ಫೋಟೋ. ಮತ್ತೆ ಮುಕ್ಕಾಲು ಸುತ್ತು. ಅವನ ಅಕ್ಕ ಆಂಜಿನಮ್ಮ ಇದನ್ನು ನೋಡಿ, ಜಪ ಮಾಡಿದ್ರೂ ಪುಣ್ಯ ಬರ್ತಿತ್ತು ಅನ್ನೋಳು.

ಆಂಜಿನಮ್ಮ ಕೆಲಸ ಮಾಡುತ್ತಿದ್ದದ್ದು ಚೆನ್ನರಾಯಪ್ಪನವರ ರೇಷ್ಮೆ ನೂಲು ತೆಗೆಯುವ ಘಟಕದಲ್ಲಿ. ಗೂಡು ಬೇಯಿಸೋದಕ್ಕೆ ಅಲ್ಲೊಂದು ಬಾಯ್ಲರ್. ಅದರಿಂದ ಹತ್ತು ಹೆಜ್ಜೆಯಲ್ಲೇ ಹೆಂಗಸರ ಸಾಲು. ಬಿಸಿ ನೀರಿಗೆ ಕೈ ಅದ್ದಿ ಅದ್ದಿ ಅವಳ ಬೆರಳುಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು.

ಎರಡು ಸಾವಿರದ ಒಂಬತ್ತರ ಬೇಸಿಗೆಯ ಒಂದು ಶನಿವಾರ ಮಧ್ಯಾಹ್ನ ಆ ಘಟಕದ ಫಿಟ್ಟರ್ ಕೋನಪ್ಪ ಸ್ಟುಡಿಯೋಗೆ ಬಂದ. ಕರ್ಚೀಫಿನಲ್ಲಿ ಸುತ್ತಿದ್ದದ್ದನ್ನು ಬಿಚ್ಚಿ ಕೌಂಟರಿನ ಮೇಲಿಟ್ಟ. ಹೆಬ್ಬೆರಳು ಗಾತ್ರದ ಒಂದು ಬೋಲ್ಟು, ಅರ್ಧಕ್ಕೆ ತುಂಡಾಗಿತ್ತು.

ನಡೆದದ್ದು ಇಷ್ಟು. ಬಾಯ್ಲರ್ ಒಳಗೆ ತೊಳೆಯಲು ಒಂದು ಕಂಡಿಯಿದೆ. ಅದರ ಮುಚ್ಚಳಕ್ಕೆ ಎಂಟು ಬೋಲ್ಟು. ಆ ಬೆಳಿಗ್ಗೆ ತೊಳೆದು ಮುಚ್ಚುವಾಗ ಕೋನಪ್ಪ ಕೊನೆಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಅರ್ಧ ಸುತ್ತು ತಿರುಗಿಸಿದ್ದಾನೆ, ಟಕ್ ಅಂತ ಮುರಿದಿದೆ. ಅತಿಯಾಗಿ ಬಿಗಿದು ಮುರಿದೆ ಅಂತ ಸಾಹುಕಾರರು ಅಲ್ಲೇ ಅವನನ್ನು ಕೆಲಸದಿಂದ ಬಿಡಿಸಿದರು. ಹೊಸ ಬೋಲ್ಟು ಒಂದು ಹಾಕಿಸಿದರು. ಸೋಮವಾರ ಬೆಳಿಗ್ಗೆ ಒಲೆ ಹಚ್ಚೋದು ಅಂತ ಆಗಿತ್ತು.

"ಇಪ್ಪತ್ತೆರಡು ವರ್ಷ ಸ್ಪ್ಯಾನರ್ ಹಿಡ್ದಿದೀನಿ ಕನಕರಾಜಪ್ಪ," ಅಂದ ಕೋನಪ್ಪ. "ಬಿಗಿಯೋ ಬೋಲ್ಟು ಹೆಂಗಿರುತ್ತೆ ಅಂತ ನನ್ನ ಮೊಣಕೈಗೆ ಗೊತ್ತು. ಇದು ಬಿಗೀಲೇ ಇಲ್ಲ. ಬಿಸ್ಕತ್ ಮುರ್ದಂಗೆ ಮುರೀತು."

ಮುರಿದ ಮೈ ಸಮನಾಗಿರಲಿಲ್ಲ. ಒಂದು ಅಂಚು ಮೇಲೆ, ಇನ್ನೊಂದು ಕೆಳಗೆ, ನಡುವೆ ಮೆಟ್ಟಿಲಿನ ಹಾಗೆ ಇಳಿದಿತ್ತು. ಎಣ್ಣೆ, ಮಸಿ ಹಿಡಿದು ಬರಿಗಣ್ಣಿಗೆ ಬರೀ ಕಪ್ಪು ಬೊಟ್ಟು. ಕನಕರಾಜ ಚಿಕ್ಕಬಳ್ಳಾಪುರದ ಎಂಜಿನಿಯರಿಂಗ್ ಕಾಲೇಜಿನಲ್ಲಿ ಲೋಹದ ಪಾಠ ಹೇಳುವ ರೂಪ ಮೇಡಂಗೆ ಫೋನ್ ಮಾಡಿದ. ಅವರ ಪಾಠಕ್ಕೆಂದು ಹಿಂದೆ ಒಂದೆರಡು ಫೋಟೋ ತೆಗೆದುಕೊಟ್ಟಿದ್ದ. ತಂತಿ ಬ್ರಷ್ ಹಾಕಬೇಡಿ, ಮೆತ್ತನೆ ಕುಂಚದಲ್ಲಿ ಥಿನ್ನರ್ ಹಚ್ಚಿ ಎಣ್ಣೆ ಮಾತ್ರ ತೆಗೀರಿ, ಬೆಳಕು ಪಕ್ಕದಿಂದ ಬೀಳಲಿ, ಚಿತ್ರ ಕಳಿಸಿ ನೋಡ್ತೀನಿ, ಅಂದರು.

ಭಾನುವಾರ ಬೆಳಿಗ್ಗೆ ಬಾಗಿಲು ಎಳೆದುಕೊಂಡು ಕೂತ. ಬೋಲ್ಟಿನ ತುಂಡನ್ನು ತಟ್ಟೆಯ ಮೇಲೆ ಮೇಣದಲ್ಲಿ ನಿಲ್ಲಿಸಿದ. ಲೋಹ ಹೊಳೆಯಬಾರದೆಂದು ದೀಪಕ್ಕೆ ಟ್ರೇಸಿಂಗ್ ಪೇಪರ್ ಅಡ್ಡ ಕಟ್ಟಿದ. ಮೇಲಿನ ಅಂಚಿನಿಂದ ಶುರು ಮಾಡಿ ಮೆಲ್ಲಗೆ ಇಳಿಯುತ್ತ ಹೋದ. ಹೊರಗೆ ಬಸ್ಸು ಹೋದರೆ ನೆಲ ನಡುಗುತ್ತದೆ, ಅದು ಹೋಗೋವರೆಗೂ ಕಾಯಬೇಕು. ಮೂವತ್ತನೆಯ ಫೋಟೋ ಆದಮೇಲೆ ಕರೆಂಟು ಹೋಯಿತು. ಬಂದಾಗ ತಿರುಗಣೆ ತಿರುಗಿಸಿದ್ದೆನೋ ಇಲ್ಲವೋ ಅಂತ ಅನುಮಾನವಾಯಿತು. ಇನ್ನೊಮ್ಮೆ ತಿರುಗಿಸಿ ಮುಂದುವರಿಸಿದ.

ತಂತ್ರಾಂಶ ಮುಕ್ಕಾಲು ಗಂಟೆ ಯೋಚಿಸಿ ಚಿತ್ರ ಕೊಟ್ಟಿತು. ಮೇಲಿನ ಅಂಚು ಚೊಕ್ಕ, ಕೆಳಗಿನದ್ದೂ ಚೊಕ್ಕ. ಆದರೆ ನಡುವೆ ಅಡ್ಡಡ್ಡಕ್ಕೆ ಮಂಜಿನ ಹಾಗೆ ಒಂದು ಪಟ್ಟಿ. ಎರಡು ಸಲ ತಿರುಗಿಸಿದ್ದರಿಂದ ಆ ಆಳದ ಫೋಟೋನೇ ಇರಲಿಲ್ಲ. ಮಂಜಿನ ಈಚೆಗೆ ಒಂದು ಕಪ್ಪು ಗೆರೆ ಬಂದು ನಿಂತಿತ್ತು, ಆಚೆಗೆ ಅಂಥದ್ದೇ ಒಂದು ಗೆರೆ ಹೊರಟಿತ್ತು. ಎರಡೂ ಒಂದೇನೋ, ಬೇರೆ ಬೇರೆಯೋ?

ಅವನ ಕೈಗೆ ಅಳಿಸಿ ಬರೆಯುವುದು ಹೊಸದಲ್ಲ. ದಿನಾ ಮದುವೆ ಹುಡುಗಿಯರ ಕೆನ್ನೆಯ ಮೊಡವೆ ಅಳಿಸುವವನು. ಪಕ್ಕದ ತುಣುಕು ಎತ್ತಿ ಮಂಜಿನ ಮೇಲೆ ಅಂಟಿಸಿದ್ದರೆ ಎರಡು ನಿಮಿಷದಲ್ಲಿ ಗೆರೆ ಕೂಡುತ್ತಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮೌಸ್ ಮೇಲಿಟ್ಟ ಕೈ ಹಾಗೇ ಇತ್ತು. ಕೂಡಿಸಿದರೆ ಕೋನಪ್ಪ ಗೆಲ್ಲುತ್ತಾನೆ. ಆದರೆ ಆ ಗೆರೆ ನಿಜಕ್ಕೂ ಎಲ್ಲಿಗೆ ಹೋಗುತ್ತಿದೆ ಅಂತ ಅವನಿಗೇ ಗೊತ್ತಿರುವುದಿಲ್ಲ. ಎದ್ದು, ಕಂಪ್ಯೂಟರಿಗಿದ್ದ ಯುಪಿಎಸ್ ಡಬ್ಬಕ್ಕೇ ದೀಪದ ವೈರನ್ನೂ ಸಿಕ್ಕಿಸಿ, ಮೊದಲಿಂದ ಶುರು ಮಾಡಿದ. ಈ ಸಲ ಪ್ರತಿ ಫೋಟೋ ಆದ ಮೇಲೂ ಕಾಗದದ ಮೇಲೆ ಒಂದು ಗೀಟು ಹಾಕುತ್ತ ಹೋದ. ನಲವತ್ತೆಂಟು ಗೀಟು.

ಸಂಜೆ ನಾಲ್ಕಕ್ಕೆ ಚಿತ್ರ ತೆರೆದುಕೊಂಡಿತು. ಅಂಚಿನಿಂದ ಅಂಚಿಗೆ ಎಲ್ಲೂ ಮಂಜಿಲ್ಲ. ಕಪ್ಪು ಗೆರೆ ಒಂದಲ್ಲ, ಅನೇಕ. ಕೆರೆಯ ನೀರು ಇಳಿದಾಗ ದಡದಲ್ಲಿ ಗೆರೆಗಳು ಉಳಿಯುತ್ತವಲ್ಲ, ಹಾಗೆ ಒಂದರ ಹಿಂದೆ ಒಂದು, ಒಂದು ಮೂಲೆಯಿಂದ ಹೊರಟು ಬೋಲ್ಟಿನ ಮುಕ್ಕಾಲು ಮೈ ದಾಟಿದ್ದವು. ಅಷ್ಟೂ ಭಾಗ ಕಂದುಗಪ್ಪು. ಆಚೆ ಪಕ್ಕದಲ್ಲಿ ಉಗುರಿನ ಚಂದ್ರನಷ್ಟು ಜಾಗ ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು. ಅಂಚಿನ ಕೆಳಗೆ ತಿರುಪಿನ ಸುತ್ತಿನ ಸಂದಿಯಲ್ಲಿ, ಇನ್ನೂ ಮುರಿಯದ ಕಡೆ, ಕೂದಲಿನಂಥ ಇನ್ನೊಂದು ಬಿರುಕು ಕಂಡಿತು. ಇ-ಮೇಲ್ ಕಳಿಸಿದ ಹತ್ತು ನಿಮಿಷಕ್ಕೆ ರೂಪ ಮೇಡಂ ಫೋನು ಬಂತು.

"ಕನಕರಾಜ್ ಅವರೇ, ಇದು ನೀವೇನೂ ತಿದ್ದಿಲ್ಲ ತಾನೆ?"

"ಇಲ್ಲ ಮೇಡಂ."

"ಹಂಗಾದ್ರೆ ಕೇಳಿ. ಕಪ್ಪಗಿರೋದು ಹಳೇ ಬಿರುಕು, ತುಂಬ ದಿನದಿಂದ ಬೆಳೀತಾ ಬಂದಿದೆ. ಬೆಳ್ಳಗಿರೋದಷ್ಟೇ ನಿನ್ನೆ ಮುರಿದಿದ್ದು. ಆ ಚೂರಿನ ಮೇಲೇ ಅದು ನಿಂತಿತ್ತು. ಮಿಕ್ಕ ಏಳು ಬೋಲ್ಟೂ ಅದೇ ವಯಸ್ಸಿಂದಾ?"

ಹೌದು ಅಂತ ಕೋನಪ್ಪ ಹೇಳಿದ್ದ.

"ಆ ಬಾಯ್ಲರ್ ಹಚ್ಚೋಕೆ ಬಿಡಬೇಡಿ," ಅಂದರು ರೂಪ. ಸರ್ಕಾರದ ಬಾಯ್ಲರ್ ಇನ್ಸ್‌ಪೆಕ್ಟರನ್ನು ಕರೆಸಿ ಅಂತಲೂ ಹೇಳಿದರು. ಅವರ ದನಿ ಪಾಠ ಹೇಳುವ ದನಿಯಾಗಿರಲಿಲ್ಲ.

ಚಿತ್ರವನ್ನು ದೊಡ್ಡದಾಗಿ ಪ್ರಿಂಟು ಹಾಕಿಕೊಂಡು ಕನಕರಾಜ ಚೆನ್ನರಾಯಪ್ಪನವರ ಮನೆಗೆ ಹೋದ. ಅವರು ಕನ್ನಡಕ ಏರಿಸಿ ನೋಡಿದರು. ಕೋಪವೇನೂ ಮಾಡಲಿಲ್ಲ.

"ಕನಕಾ, ನನ್ನ ಮಗಳ ಮದುವೇಲಿ ನೀನೇ ಅವಳನ್ನ ಬೆಳ್ಳಗೆ ಮಾಡ್ದೆ. ನಲವತ್ತೆಂಟು ಫೋಟೋ ಸೇರ್ಸಿ ಒಂದು ಮಾಡಿದೀನಿ ಅಂತೀಯ. ಇದನ್ನ ಹೆಂಗಪ್ಪ ನಂಬೋದು?"

ಆ ಮಾತಿಗೆ ಅವನು ಸಿದ್ಧವಾಗಿಯೇ ಬಂದಿದ್ದ. ಜೇಬಿನಿಂದ ಸಿಡಿ ತೆಗೆದ. ಮನೆಯ ಕಂಪ್ಯೂಟರಿನಲ್ಲಿ ನಲವತ್ತೆಂಟನ್ನೂ ಕ್ಯಾಮೆರಾದಿಂದ ಬಂದ ಹಾಗೇ ಒಂದೊಂದಾಗಿ ತೋರಿಸಿದ. ಇವುಗಳಲ್ಲಿ ಅವನು ಮುಟ್ಟಿದ್ದು ಏನೂ ಇಲ್ಲ. ಒಂದು ಚೊಕ್ಕ ಪಟ್ಟಿ ಮೇಲಿನ ಅಂಚಿನಿಂದ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯಿತು. ಪಟ್ಟಿ ಬಂದಲ್ಲೆಲ್ಲ ಕಪ್ಪು ಬಣ್ಣ ಎದ್ದು ಕಂಡಿತು, ದಾಟಿದ ಮೇಲೆ ಮಂಜಿನಲ್ಲಿ ಮುಳುಗಿತು. ಮೂವತ್ತೊಂದನೆಯದಕ್ಕೂ ಗೆರೆ ತುಂಡಾಗಲಿಲ್ಲ. ನಲವತ್ತು ದಾಟಿದರೂ ಕಪ್ಪು ಮುಗಿದಿರಲಿಲ್ಲ. ಚೆನ್ನರಾಯಪ್ಪ ಕುರ್ಚಿ ಮುಂದಕ್ಕೆಳೆದುಕೊಂಡಿದ್ದರು. ಕೊನೆಯದು ಬಂದಾಗ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು.

ಆದರೂ ಅವರು ಹೇಳಿದ್ದು ಬೇರೆ. ಮಾರ್ಕೆಟ್ಟಿನಿಂದ ತಂದ ಗೂಡು ಹಾಗೇ ಬಿದ್ದಿದೆ, ಚಿಟ್ಟೆ ಕೊರೆದು ಹೊರಬಂದರೆ ಎಲ್ಲ ಹಾಳು, ಸೋಮವಾರ ಒಂದು ದಿನ ನಡೀಲಿ, ಮಂಗಳವಾರ ಬಿಚ್ಚಿಸಿ ನೋಡೋಣ.

ಕನಕರಾಜ ಅಲ್ಲಿಂದ ನೇರ ಅಕ್ಕನ ಮನೆಗೆ ಹೋದ. ಪ್ರಿಂಟನ್ನು ಅವಳ ಕೈಗೆ ಕೊಟ್ಟ. ಯಾವುದು ಹಳೆಯದು, ಯಾವುದು ಹೊಸದು ಅಂತ ಬೆರಳಿಟ್ಟು ತೋರಿಸಿದ. ಆಂಜಿನಮ್ಮ ಬಹಳ ಹೊತ್ತು ಆ ಬೆಳ್ಳನೆಯ ಚೂರನ್ನೇ ನೋಡಿದಳು.

"ಇಷ್ಟರ ಪಕ್ಕದಲ್ಲಾ ನಾವು ಕೂತಿದ್ದು?" ಅಂದಳು.

ಬೆಳಿಗ್ಗೆ ಆರಕ್ಕೆ ಹದಿನಾಲ್ಕು ಜನ ಹೆಂಗಸರು ಘಟಕದ ಹೊರಗೆ ಗೋಡೆಗೆ ಒರಗಿ ಕೂತರು. ಯಾರೂ ಕೂಗಲಿಲ್ಲ. ಪ್ರಿಂಟು ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಗುತ್ತಿತ್ತು. ಒಲೆಯವನು ಒಳಗೆ ಹೋಗಿ ಸೌದೆ ಜೋಡಿಸಿದ, ಬಾಗಿಲಿಗೆ ಬಂದು ಇವರನ್ನು ನೋಡಿದ, ಬೆಂಕಿಪೊಟ್ಟಣ ಜೇಬಿಗೆ ಹಾಕಿಕೊಂಡು ತಾನೂ ಹೊರಗೆ ಬಂದು ನಿಂತ. ಏಳೂವರೆಗೆ ಚೆನ್ನರಾಯಪ್ಪ ಬಂದರು. ಕೊನೆಗೆ ಕೋನಪ್ಪನಿಗೆ ಹೇಳಿಕಳಿಸಿದರು.

ಕೋನಪ್ಪ ತಣ್ಣಗಿದ್ದ ಮುಚ್ಚಳಕ್ಕೆ ಸ್ಪ್ಯಾನರ್ ಹಾಕಿದ. ಮೊದಲ ಎರಡು ಬಿಚ್ಚಿಕೊಂಡವು. ಮೂರನೆಯದು ಬಿಚ್ಚುವಾಗಲೇ ತುಂಡಾಯಿತು. ಐದನೆಯದೂ ಹಾಗೇ. ಏಳನೆಯದಕ್ಕೆ ಅವನು ಪೂರ್ತಿ ತೂಕ ಹಾಕಿರಲೂ ಇಲ್ಲ, ಅದರ ತಲೆ ಕಳಚಿ ಉರುಳಿ ಚೆನ್ನರಾಯಪ್ಪನವರ ಚಪ್ಪಲಿಯ ಹತ್ತಿರ ನಿಂತಿತು. ಅವರು ಬಗ್ಗಿ ಎತ್ತಿಕೊಂಡರು. ಮುರಿದ ಮೈ ತಿರುಗಿಸಿ ನೋಡಿದರು. ಕಪ್ಪು. ಆಮೇಲೆ ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟರು.

ಕೋನಪ್ಪನಿಗೆ ಕೆಲಸ ಮರಳಿತು. ಗೂಡು ಬೇರೆಯವರ ಘಟಕಕ್ಕೆ ಹೋಯಿತು. ಎರಡು ತಿಂಗಳಿಗೆ ಹೊಸ ಬಾಯ್ಲರ್ ಬಂತು. ಮುಂದೆ ರೂಪ ಮೇಡಂ ವರ್ಷ ವರ್ಷವೂ ಒಂದೆರಡು ಮುರಿದ ತುಂಡುಗಳನ್ನು ಕನಕರಾಜನಿಗೆ ಕಳಿಸುತ್ತಿದ್ದರು.

ಆದರೆ ಹಳೇ ಬಾಯ್ಲರಿನ ಕಥೆ ಅವನ ಕಿವಿಗೆ ಬಿದ್ದದ್ದು ಮಳೆಗಾಲ ಕಳೆದ ಮೇಲೆ. ಬೋಲ್ಟನ್ನು ತಿಂದದ್ದು ಅದರ ತೂತಿನ ಸುತ್ತಲ ತಗಡನ್ನೂ ತಿಂದಿರಬಹುದು, ಅದನ್ನು ಕತ್ತರಿಸಿ ಗುಜರಿಗೆ ಹಾಕೋದೇ ಸರಿ ಅಂತ ರೂಪ ಹೇಳಿದ್ದರು. ಚೆನ್ನರಾಯಪ್ಪ ಗುಜರಿಗೇ ಹಾಕಿದರು, ಆದರೆ ಕತ್ತರಿಸಿರಲಿಲ್ಲ. ಗುಜರಿಯವನು ಎಂಟೂ ಹೊಸ ಬೋಲ್ಟು ಹಾಕಿ, ಬೆಳ್ಳಿ ಬಣ್ಣ ಬಳಿದು, ಇಡಿಯಾಗಿ ಮಾರಿದ್ದ. ಕನಕರಾಜ ಹೋಗಿ ಕೇಳಿದ. ತೊಂಡೇಬಾವಿ ಕಡೆಯವರು ಯಾರೋ ಲಾರಿ ತಂದಿದ್ದರಂತೆ, ಹೆಸರು ಗೊತ್ತಿಲ್ಲವಂತೆ.

ಎರಡು ಭಾನುವಾರ ಅವನೂ ಕೋನಪ್ಪನೂ ಬೈಕಿನಲ್ಲಿ ಗೌರಿಬಿದನೂರಿನವರೆಗೂ ಹುಡುಕಿದರು. ಹೊಗೆ ಕಂಡ ಕಡೆಯೆಲ್ಲ ನಿಲ್ಲಿಸಿ ಕೇಳಿದರು. ಬೆಳ್ಳಿ ಬಣ್ಣದ್ದು ಯಾರೂ ನೋಡಿರಲಿಲ್ಲ. ಬಾಯ್ಲರ್ ಇನ್ಸ್‌ಪೆಕ್ಟರರ ಕಚೇರಿಗೆ ಬರೆದ ಅರ್ಜಿಗೆ ಸ್ವೀಕೃತಿಯ ಚೀಟಿಯಷ್ಟೇ ಬಂತು. ವಾಪಸ್ಸು ಬರುವಾಗ ರೈಲ್ವೆ ಗೇಟಿನ ಹತ್ತಿರ ನಿಂತಾಗ ದೂರದಲ್ಲೆಲ್ಲೋ ಬಾಯ್ಲರಿನ ಹಬೆಯ ಸಿಳ್ಳೆ ಕೇಳಿಸಿತು. ಇಬ್ಬರೂ ಒಟ್ಟಿಗೇ ಆ ಕಡೆ ತಿರುಗಿದರು. ಯಾವ ದಿಕ್ಕಿನಿಂದ ಅಂತ ಗೊತ್ತಾಗುವಷ್ಟರಲ್ಲಿ ನಿಂತುಹೋಗಿತ್ತು.