ಸೀಲ್ ಒಡೆದ ಪ್ಯಾಕು

ಹೂಡಿಯಲ್ಲಿರುವ ತನ್ನ ಮನೆಯ ಕೆಳಗಿನ ರೂಮಿನಿಂದಲೇ ಶ್ಯಾಮಲಾ ಆನ್‌ಲೈನಿನಲ್ಲಿ ಒಳಉಡುಪು ಮಾರುತ್ತಾಳೆ. ಹಾಕಿ ನೋಡಿ ವಾಪಸ್ ಕಳಿಸುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ. ಅದಕ್ಕೇ ಪ್ರತಿ ಮಾಲಿನ ವಿವರಣೆಯ ಮೊದಲಲ್ಲೇ ಬರೆದಿದ್ದಾಳೆ: 'ಸೀಲ್ ಮಾಡಿದ ಪ್ಯಾಕ್. ಸೀಲ್ ಹಾಗೇ ಇದ್ದರೆ ಏಳು ದಿನದೊಳಗೆ ವಾಪಸ್ ಪಡೆಯುತ್ತೇವೆ. ಒಡೆದಿದ್ದರೆ, ಶುಚಿತ್ವದ ಕಾರಣಕ್ಕೆ, ವಾಪಸ್ ಇಲ್ಲ. ತಪ್ಪು ಅಥವಾ ಹಾಳಾದ ಮಾಲು ಬಂದಿದ್ದರೆ ಮಾತ್ರ ಬದಲಿ.'

ಕಳೆದ ವಾರ, ಎದೆಹಾಲು ಕುಡಿಸುವ ತಾಯಂದಿರು ಹಾಕುವ ಫೀಡಿಂಗ್ ಬ್ರಾ ತರಿಸಿಕೊಂಡಿದ್ದ ದಿವ್ಯಾ ಎಂಬಾಕೆ ಫೋನ್ ಮಾಡಿ, ವಾಪಸ್ ತಗೊಳ್ತೀರಾ ಎಂದು ಕೇಳಿದಳು.

"ಸೀಲ್ ಒಡೆದಿದ್ದೀರಾ ಮೇಡಂ?"

"ಹೂಂ. ಒಂದ್ಸಲ ಹಾಕ್ಕೊಂಡಿದ್ದೆ."

"ಹಂಗಾದ್ರೆ ಆಗಲ್ಲ, ದುಡ್ಡು ಬರಲ್ಲ. ಓದ್ಕೊಂಡೇ ತಾನೇ ತಗೊಂಡಿದ್ದು?" ಶ್ಯಾಮಲಾ ಗದರಿದಳು.

"ದುಡ್ಡು ಬೇಡ ಮೇಡಂ. ಮಗು ಉಳೀಲಿಲ್ಲ. ಎಸೆಯೋಕೆ ಮನಸ್ಸು ಬರ್ತಿಲ್ಲ, ಮನೇಲಿಟ್ಕೊಳ್ಳೋಕೂ ಆಗ್ತಿಲ್ಲ. ನೀವು ತಗೊಂಡ್ಬಿಡಿ."

ಶ್ಯಾಮಲಾ ತನ್ನ ಖರ್ಚಿನಲ್ಲೇ ಕೊರಿಯರ್‌ನವನನ್ನು ಕಳಿಸಿದಳು. ಬಂದ ಬ್ರಾದ ಮೇಲೆ ಹಾಲಿನ ಕಲೆ ಒಣಗಿತ್ತು. ಸೀಲ್ ಒಡೆದದ್ದನ್ನು ಮತ್ತೆ ಮಾರುವಂತಿಲ್ಲ, ಕತ್ತರಿಸಿ ಎಸೆಯುವುದೇ ಅವಳ ರೂಢಿ. ಕೈಗೆತ್ತಿಕೊಂಡ ಕತ್ತರಿಯನ್ನು ಪಕ್ಕಕ್ಕಿಟ್ಟಳು. ಬ್ರಾ ಒಗೆದು ತಾರಸಿಯ ತಂತಿಯ ಮೇಲೆ ಹಾಕಿದಳು. ಪೂರ್ತಿ ಒಣಗಿದ ಮೇಲೆಯೇ ಕತ್ತರಿಸಿದಳು.